ಜರಡಿ ಮೋಟಾರಿನ ಬೋಲ್ಟುಗಳು ನಾಲ್ಕು ದಿನಕ್ಕೊಮ್ಮೆ ಸಡಿಲವಾಗುತ್ತಿವೆ: ಸ್ಪ್ರಿಂಗ್ ವಾಷರ್, ನೈಲಾಕ್ ನಟ್, ಲಾಕ್‌ಟೈಟ್ ಇವುಗಳಲ್ಲಿ ಯಾವುದನ್ನು ಹಾಕಬೇಕು?

ಕಪನೂರ_ದಾಲ್‌ಮಿಲ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ತೊಗರಿಯನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜರಡಿ ಯಂತ್ರದ ಎರಡೂ ಬದಿಗೆ ಒಂದೊಂದು ವೈಬ್ರೇಟರ್ ಮೋಟಾರು ಇದ್ದು, ಪ್ರತಿ ಮೋಟಾರನ್ನು ನಾಲ್ಕು 12 ಎಂಎಂ ಬೋಲ್ಟುಗಳಿಂದ ಕಬ್ಬಿಣದ ಪ್ಲೇಟಿಗೆ ಕೂಡಿಸಲಾಗಿದೆ. ಈ ಎಂಟು ಬೋಲ್ಟುಗಳಲ್ಲಿ ಯಾವುದಾದರೊಂದು ಮೂರು ನಾಲ್ಕು ದಿನಕ್ಕೊಮ್ಮೆ ಸಡಿಲವಾಗುತ್ತಲೇ ಇರುತ್ತದೆ. ಹೋದ ವಾರ ಒಂದು ನಟ್ ಪೂರ್ತಿ ಬಿಚ್ಚಿ ಕಾಳಿನೊಳಗೆ ಬಿದ್ದಿತ್ತು. ಮುಂದಿದ್ದ ಆಯಸ್ಕಾಂತ ಅದನ್ನು ಹಿಡಿದುಕೊಂಡದ್ದರಿಂದ ಬಚಾವಾದೆವು, ಇಲ್ಲದಿದ್ದರೆ ಎಲಿವೇಟರಿನ ಬಕೆಟ್ಟುಗಳು ಮುರಿಯುತ್ತಿದ್ದವು.

ಈಗಾಗಲೇ ಎರಡು ಸಲ ಹೊಸ ಸ್ಪ್ರಿಂಗ್ ವಾಷರುಗಳನ್ನು ಹಾಕಿ ನೋಡಿದ್ದೇವೆ. ನಮ್ಮ ಹುಡುಗರು ಪಾನಾಕ್ಕೆ ಪೈಪು ತೊಡಿಸಿ ಇಬ್ಬರು ಜಗ್ಗಿ ಬಿಗಿಸುತ್ತಾರೆ, ಆದ್ದರಿಂದ ಬಿಗಿ ಸಾಲಲಿಲ್ಲ ಎನ್ನುವಂತಿಲ್ಲ. ಅಂಗಡಿಯವರು ನೈಲಾಕ್ ನಟ್ ಹಾಕಿ ಎನ್ನುತ್ತಾರೆ, ಮೋಟಾರು ರಿವೈಂಡಿಂಗ್ ಮಾಡುವವರು ಕೆಂಪು ಲಾಕ್‌ಟೈಟ್ ಹಾಕಿದರೆ ಮತ್ತೆ ಅದರ ಕಡೆ ನೋಡುವ ಕೆಲಸವೇ ಇರುವುದಿಲ್ಲ ಎನ್ನುತ್ತಾರೆ. ಸೀಸನ್ ನಡೆಯುತ್ತಿರುವಾಗ ಯಂತ್ರವನ್ನು ಪದೇ ಪದೇ ನಿಲ್ಲಿಸಲು ಆಗುವುದಿಲ್ಲ. ಮೂರರಲ್ಲಿ ಯಾವುದು ಸರಿ ಎಂದು ತಿಳಿದವರು ಹೇಳಬೇಕು.

ಹಾರ್ಡ್‌ವೇರ್_ಬೀದರ್

ಅಣ್ಣಾ, ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಮೊದಲನೆಯದಾಗಿ, ಸ್ಪ್ರಿಂಗ್ ವಾಷರ್ ಕೆಲಸ ಮಾಡುವುದೇ ಇಲ್ಲ ಎನ್ನುವುದು ತಪ್ಪು. ಈಗ ಬರುವ ಅಗ್ಗದ ವಾಷರುಗಳಲ್ಲಿ ಉಕ್ಕಿನ ಹದವೇ ಇರುವುದಿಲ್ಲ, ಒಮ್ಮೆ ಬಿಗಿಸಿ ಬಿಚ್ಚಿದರೆ ರೊಟ್ಟಿಯಂತೆ ಚಪ್ಪಟೆಯಾಗಿ ಬರುತ್ತವೆ. ಒಳ್ಳೆಯ ವಾಷರನ್ನು ಬಿಚ್ಚಿದಾಗ ಅದರ ಎರಡು ತುದಿಗಳು ಮತ್ತೆ ಮೇಲೆ ಕೆಳಗೆ ಎದ್ದು ನಿಲ್ಲಬೇಕು. ಎರಡನೆಯದಾಗಿ, ಕಂಪನ ಇರುವಲ್ಲಿ ನೈಲಾಕ್ ನಟ್ ಹಾಕಿದರೆ ಮುಗಿಯಿತು, ಅದು ಸಡಿಲವಾಗುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ಸಕ್ಕರೆ ಕಾರ್ಖಾನೆಯವರಿಗೂ ಕ್ರಷರ್ ಇಟ್ಟವರಿಗೂ ಅದನ್ನೇ ಕೊಡುತ್ತಿದ್ದೇನೆ, ಯಾರೂ ತಿರುಗಿ ತಂದು ಕೊಟ್ಟಿಲ್ಲ.

ಬೇಕಿದ್ದರೆ ಸ್ಪ್ರಿಂಗ್ ವಾಷರ್ ಮತ್ತು ನೈಲಾಕ್ ಎರಡನ್ನೂ ಒಟ್ಟಿಗೆ ಹಾಕಿಬಿಡಿ. ಖರ್ಚು ಹೆಚ್ಚೇನೂ ಆಗುವುದಿಲ್ಲ.

ರಾಶಿಯಂತ್ರ_ಶಹಾಪುರ

ನಮ್ಮದೂ ಇದೇ ಗೋಳು. ತೊಗರಿ ರಾಶಿ ಮಾಡುವ ಯಂತ್ರದ ಒಳಗಿನ ಬಡಿಯುವ ಪಟ್ಟಿಗಳ ಬೋಲ್ಟುಗಳು ತುಕ್ಕು ಹಿಡಿದು ಬಿಚ್ಚಲು ಬರುತ್ತಿಲ್ಲ. ಡೀಸೆಲ್ ಸುರಿದೆವು, ಸುತ್ತಿಗೆಯಿಂದ ಬಡಿದೆವು, ಕೊನೆಗೆ ಎರಡನ್ನು ಗ್ಯಾಸ್ ಕಟರಿನಿಂದ ಕತ್ತರಿಸಿದೆವು. ಲಾಕ್‌ಟೈಟ್ ಹಾಕಿದರೆ ತುಕ್ಕು ಹಿಡಿಯುವುದಿಲ್ಲ ಎಂದು ಕೇಳಿದ್ದೇನೆ, ಅದು ನಿಜವೇ?

ಶಹಾಬಾದ್_ಗ್ಯಾರೇಜ್

ಶಹಾಪುರದ ಅಣ್ಣನವರೇ, ಇಲ್ಲಿನ ಪ್ರಶ್ನೆ ಬಿಚ್ಚಿಹೋಗುವ ಬೋಲ್ಟುಗಳದ್ದು, ನಿಮ್ಮದು ಬಿಚ್ಚದೇ ಇರುವ ಬೋಲ್ಟುಗಳದ್ದು. ಆದರೂ ನೀವು ಕೇಳಿದ್ದರಲ್ಲಿ ಅರ್ಧ ನಿಜವಿದೆ. ಲಾಕ್‌ಟೈಟ್ ದ್ರವವು ಥ್ರೆಡ್ಡಿನ ಸಂದಿಯನ್ನು ತುಂಬಿ ಗಟ್ಟಿಯಾಗುವುದರಿಂದ ಒಳಗೆ ನೀರು ಸೇರುವುದಿಲ್ಲ, ಆ ಭಾಗಕ್ಕೆ ತುಕ್ಕೂ ಕಡಿಮೆ. ಆದರೆ ಬೋಲ್ಟಿನ ತಲೆಗೂ ಹೊರಗೆ ಉಳಿದ ಥ್ರೆಡ್ಡಿಗೂ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಕಪನೂರದವರಿಗೆ ನನ್ನ ಒಂದೇ ಮಾತು: ಕೆಂಪನ್ನು ಮುಟ್ಟಬೇಡಿ. ಕೆಂಪು ಬಣ್ಣದ್ದು ಬಿಚ್ಚಬಾರದ ಜಾಗಕ್ಕೆ ಇರುವಂಥದ್ದು. ಅದನ್ನು ತೆಗೆಯಬೇಕೆಂದರೆ ನಟ್ಟನ್ನು ಸುಮಾರು 250 ಡಿಗ್ರಿಯವರೆಗೆ ಕಾಯಿಸಿ, ಬಿಸಿ ಇರುವಾಗಲೇ ತಿರುಗಿಸಬೇಕು. ನಿಮ್ಮ ಮೋಟಾರಿನ ಕಾಲಿನ ಪಕ್ಕದಲ್ಲಿ ಟಾರ್ಚ್ ಹಿಡಿದರೆ ಒಳಗಿನ ವೈಂಡಿಂಗಿನ ವಾರ್ನಿಶ್ ಏನಾಗುತ್ತದೆ ಎಂದು ನೀವೇ ಊಹಿಸಿಕೊಳ್ಳಿ. ನೀಲಿ ಬಣ್ಣದ್ದು ಮಧ್ಯಮ ಶಕ್ತಿಯದು, ಅದು ಸಾಮಾನ್ಯ ಪಾನಾಕ್ಕೆ ಬಿಚ್ಚುತ್ತದೆ. ನಾನು ಬೈಕುಗಳ ಡಿಸ್ಕ್ ಬೋಲ್ಟುಗಳಿಗೆ ನೀಲಿಯನ್ನೇ ಬಳಸುತ್ತೇನೆ.

ನಿವೃತ್ತ_ಫೋರ್‌ಮನ್ (ಸೇಡಂ)

ಕಪನೂರದ ತಮ್ಮನವರಿಗೆ, ನಾನು ಸಿಮೆಂಟ್ ಕಾರ್ಖಾನೆಯೊಂದರ ಯಾಂತ್ರಿಕ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನು. ಅಲ್ಲಿ ಕಂಪಿಸುವ ಜರಡಿಗಳೂ ಫೀಡರುಗಳೂ ಹಲವಾರು ಇದ್ದವು. ಮೂರರಲ್ಲಿ ಯಾವುದು ಎಂಬ ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ನಾನೊಂದು ಬೇರೆ ಪ್ರಶ್ನೆ ಕೇಳಬೇಕಾಗಿದೆ: ನಿಮ್ಮ ನಟ್ಟುಗಳು ನಿಜವಾಗಿ ತಿರುಗುತ್ತಿವೆಯೇ, ಅಥವಾ ತಿರುಗದೆಯೇ ಸಡಿಲವಾಗುತ್ತಿವೆಯೇ?

ಎರಡೂ ಒಂದೇ ಎಂದು ತೋರುತ್ತದೆ, ಆದರೆ ಇವು ಎರಡು ಬೇರೆ ರೋಗಗಳು. ಬಿಗಿಸಿದ ಬೋಲ್ಟು ಎಂದರೆ ಹಿಗ್ಗಿಸಿ ಹಿಡಿದ ರಬ್ಬರಿನಂತೆ. ಅದು ಕೂದಲೆಳೆಯಷ್ಟು ಉದ್ದವಾಗಿರುತ್ತದೆ, ಮತ್ತೆ ಕುಗ್ಗಲು ಪ್ರಯತ್ನಿಸುವುದರಿಂದಲೇ ಎರಡು ಭಾಗಗಳನ್ನು ಅದುಮಿ ಹಿಡಿಯುತ್ತದೆ. ನಡುವೆ ಇರುವ ಬಣ್ಣವೋ ತುಕ್ಕೋ ಮೆತ್ತನೆಯ ವಾಷರೋ ಸ್ವಲ್ಪ ಕುಸಿದರೂ ಸಾಕು, ನಟ್ ಇದ್ದಲ್ಲಿಯೇ ಇದ್ದರೂ ಆ ಎಳೆತ ಹೊರಟುಹೋಗುತ್ತದೆ. ಎಳೆತ ಕಡಿಮೆಯಾದ ಮೇಲೆ ಮೋಟಾರಿನ ಕಾಲು ಪ್ಲೇಟಿನ ಮೇಲೆ ಅಡ್ಡಡ್ಡ ಜಾರಲು ಶುರು ಮಾಡುತ್ತದೆ, ಆ ಜಾರುವಿಕೆಯೇ ನಟ್ಟನ್ನು ನಿಧಾನವಾಗಿ ಬಿಚ್ಚುತ್ತದೆ. ಬೋಲ್ಟಿನ ಉದ್ದಕ್ಕೆ ಬೀಳುವ ಕಂಪನಕ್ಕಿಂತ ಈ ಅಡ್ಡ ಜಾರುವಿಕೆಯೇ ನಟ್ ಬಿಚ್ಚಲು ಮುಖ್ಯ ಕಾರಣ ಎಂಬುದನ್ನು ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅವರ ಹೆಸರಿನ ಪರೀಕ್ಷಾ ಯಂತ್ರದಲ್ಲೇ ಇಂದಿಗೂ ಇಂಥ ವಾಷರುಗಳನ್ನೂ ನಟ್ಟುಗಳನ್ನೂ ಪರೀಕ್ಷಿಸುತ್ತಾರೆ.

ಯಾವ ರೋಗ ಎಂದು ತಿಳಿಯುವುದಕ್ಕೆ ಖರ್ಚೇನೂ ಇಲ್ಲ. ಎಂಟೂ ಬೋಲ್ಟುಗಳನ್ನು ಬಿಗಿಸಿ, ಬಿಳಿ ಪೇಂಟಿನಿಂದ ಬೋಲ್ಟಿನ ತುದಿ, ನಟ್ ಮತ್ತು ಪ್ಲೇಟು ಈ ಮೂರನ್ನೂ ದಾಟುವಂತೆ ಒಂದೇ ನೇರ ಗೆರೆ ಎಳೆಯಿರಿ. ಎರಡು ದಿನ ಓಡಿಸಿದ ಮೇಲೆ ನೋಡಿ. ಗೆರೆ ತುಂಡಾಗಿದ್ದರೆ ನಟ್ ತಿರುಗಿದೆ ಎಂದರ್ಥ. ಗೆರೆ ಹಾಗೆಯೇ ಇದ್ದು ಪಾನಾ ಹಾಕಿದಾಗ ನಟ್ ಸಲೀಸಾಗಿ ಮುಂದಕ್ಕೆ ಹೋದರೆ ನಡುವೆ ಏನೋ ಕುಸಿದಿದೆ ಎಂದರ್ಥ. ಜೊತೆಗೆ ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಇದೆಯೇ, ಮೋಟಾರಿನ ಕಾಲಿನ ಕೆಳಗೆ ಬಣ್ಣ ಇದೆಯೇ, ಇವೆರಡನ್ನೂ ನೋಡಿ ಹೇಳಿ.

ಹಾರ್ಡ್‌ವೇರ್_ಬೀದರ್

ಫೋರ್‌ಮನ್ ಸಾಹೇಬರೇ, ಪ್ರಯೋಗಾಲಯದ ಮಾತು ಬೇರೆ, ಮೈದಾನದ ಮಾತು ಬೇರೆ. ರೈಲು ಹಳಿಗಳ ಫಿಶ್ ಪ್ಲೇಟಿನ ಬೋಲ್ಟುಗಳಿಗೆ ಇವತ್ತಿಗೂ ಸ್ಪ್ರಿಂಗ್ ವಾಷರ್ ಹಾಕುತ್ತಾರೆ. ಅದರ ಮೇಲಿಂದ ಸಾವಿರಾರು ಟನ್ ಭಾರದ ಗಾಡಿಗಳು ಹೋಗುತ್ತವೆ. ವಾಷರ್ ನಿಷ್ಪ್ರಯೋಜಕವಾಗಿದ್ದರೆ ರೈಲ್ವೆಯವರು ಅದನ್ನು ಏಕೆ ಹಾಕುತ್ತಾರೆ?

ನಿವೃತ್ತ_ಫೋರ್‌ಮನ್ (ಸೇಡಂ)

ಒಳ್ಳೆಯ ಪ್ರಶ್ನೆ. ಫಿಶ್ ಪ್ಲೇಟಿನ ಬೋಲ್ಟಿನ ಕೆಲಸವೇ ಬೇರೆ. ಬಿಸಿಲಿಗೆ ಹಿಗ್ಗುವ, ಚಳಿಗೆ ಕುಗ್ಗುವ ಹಳಿಗೆ ಅಲ್ಲಿ ಸ್ವಲ್ಪ ಸರಿಯಲು ಅವಕಾಶ ಬಿಡಬೇಕಾಗುತ್ತದೆ, ಆದ್ದರಿಂದ ಆ ಬೋಲ್ಟುಗಳನ್ನು ನಾವು ಮೋಟಾರಿಗೆ ಬಿಗಿಸುವಂತೆ ಬಿಗಿಸುವುದಿಲ್ಲ. ಕಡಿಮೆ ಬಿಗಿಯಿರುವ, ಆಗಾಗ ಬಂದು ನೋಡುವ ಜನರಿರುವ ಜೋಡಣೆಯಲ್ಲಿ ಸ್ಪ್ರಿಂಗ್ ವಾಷರ್ ಸವೆತದ ಸಂದಿಯನ್ನು ಕೊಂಚ ತುಂಬಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ 12 ಎಂಎಂ ದಪ್ಪದ 8.8 ದರ್ಜೆಯ ಬೋಲ್ಟನ್ನು ಸರಿಯಾಗಿ ಬಿಗಿಸಿದರೆ ಅದರೊಳಗೆ ಸುಮಾರು ಮೂರೂವರೆ ಟನ್ ಎಳೆತ ಇರುತ್ತದೆ. ಸ್ಪ್ರಿಂಗ್ ವಾಷರ್ ಇದರ ಸಣ್ಣದೊಂದು ಪಾಲಿನ ಒತ್ತಡಕ್ಕೇ ಪೂರ್ತಿ ಚಪ್ಪಟೆಯಾಗುತ್ತದೆ. ಅಲ್ಲಿಂದ ಮುಂದೆ ಅದು ಸೀಳಿರುವ ಒಂದು ಸಾಧಾರಣ ವಾಷರ್ ಅಷ್ಟೇ. ಎಳೆತ ಬಹುಪಾಲು ಹೊರಟುಹೋಗಿ ಬೋಲ್ಟು ಈಗಾಗಲೇ ಕೆಟ್ಟಿರುವಾಗ ಮಾತ್ರ ಅದು ಮತ್ತೆ ಸ್ಪ್ರಿಂಗ್ ಆಗುತ್ತದೆ. ನೀವು ಹೇಳಿದ ರೊಟ್ಟಿಯಂತಹ ಅಗ್ಗದ ವಾಷರಿಗೂ ಒಳ್ಳೆಯ ವಾಷರಿಗೂ ಈ ವಿಷಯದಲ್ಲಿ ಹೆಚ್ಚಿನ ಅಂತರವಿಲ್ಲ.

ಕಪನೂರ_ದಾಲ್‌ಮಿಲ್ (ಕಲಬುರಗಿ)

ಫೋರ್‌ಮನ್ ಕಾಕಾ ಅವರು ಹೇಳಿದಂತೆ ಮಾಡಿ ನೋಡಿದೆ. ಎರಡು ದಿನ ಓಡಿಸಿದ ಮೇಲೆ ಪಾನಾ ಹಾಕಿದಾಗ ಎಂಟೂ ನಟ್ಟುಗಳು ಸಡಿಲವಾಗಿದ್ದವು. ಆಶ್ಚರ್ಯವೆಂದರೆ ಆರರಲ್ಲಿ ಬಿಳಿ ಗೆರೆ ಒಂದು ಚೂರೂ ಕದಲಿರಲಿಲ್ಲ, ಎರಡರಲ್ಲಿ ಮಾತ್ರ ಗೆರೆ ತುಂಡಾಗಿತ್ತು. ಆ ಎರಡೂ ಒಂದೇ ಮೋಟಾರಿನ, ಒಂದೇ ಬದಿಯವು.

ಬೋಲ್ಟಿನ ತಲೆಯ ಮೇಲೆ ಯಾವ ಅಂಕಿಯೂ ಇಲ್ಲ. ಮೋಟಾರನ್ನು ಎತ್ತಿ ನೋಡಿದಾಗ ಪ್ಲೇಟಿನ ಮೇಲೆ ಪ್ರೈಮರಿನ ಮೇಲೆ ಎರಡು ಕೋಟು ಹಸಿರು ಬಣ್ಣ ಇತ್ತು. ಮೋಟಾರಿನ ಕಾಲು ಕೂರುವ ಜಾಗದಲ್ಲಿ ಅದು ಪುಡಿಯಾಗಿ, ಅಂಚಿನಲ್ಲಿ ಕಾಡಿಗೆಯಂತಹ ಕಪ್ಪು ಧೂಳು ಕಟ್ಟಿತ್ತು. ಇನ್ನೊಂದು ವಿಷಯ, ತೆಗೆದ ಬೋಲ್ಟುಗಳಿಗೆ ಹೊಸ ನಟ್ಟನ್ನು ಕೈಯಿಂದ ಏರಿಸಿ ನೋಡಿದರೆ ಮೊದಲು ಸಲೀಸಾಗಿ ಹೋಗಿ, ನಡುವೆ ಒಂದು ಕಡೆ ಹಿಡಿದುಕೊಂಡು ನಿಲ್ಲುತ್ತದೆ. ಥ್ರೆಡ್ಡಿನಲ್ಲಿ ಕಸ ಇರಬಹುದೆಂದು ತಂತಿಯ ಬ್ರಷ್ಷಿನಿಂದ ಉಜ್ಜಿದರೂ ಹಾಗೆಯೇ ಇದೆ.

ನಿವೃತ್ತ_ಫೋರ್‌ಮನ್ (ಸೇಡಂ)

ನೀವು ಕೊನೆಯಲ್ಲಿ ಬರೆದ ಸಾಲಿನಲ್ಲೇ ಅರ್ಧ ಉತ್ತರ ಸಿಕ್ಕಿತು. ನಟ್ ನಡುವೆ ಹಿಡಿದುಕೊಳ್ಳುವುದಕ್ಕೆ ಕಾರಣ ಕಸವಲ್ಲ. ಆ ಜಾಗದಲ್ಲಿ ಬೋಲ್ಟು ಶಾಶ್ವತವಾಗಿ ಹಿಗ್ಗಿ ಥ್ರೆಡ್ಡುಗಳ ನಡುವಿನ ಅಂತರ ಬದಲಾಗಿದೆ. ಅಂಕಿಯಿಲ್ಲದ ಬೋಲ್ಟನ್ನು 4.6 ದರ್ಜೆಯದೆಂದು ಹಿಡಿಯಿರಿ. 12 ಎಂಎಂ ಗಾತ್ರದಲ್ಲಿ ಅದು ಸುಮಾರು 35 ನ್ಯೂಟನ್ ಮೀಟರಿಗೆ ಸರಿಯಾಗಿ ಬಿಗಿಯಾಗುತ್ತದೆ, 50 ದಾಟುತ್ತಿದ್ದಂತೆ ಹಿಗ್ಗಲು ಶುರುವಾಗುತ್ತದೆ. 60 ಸೆಂಟಿಮೀಟರ್ ಉದ್ದದ ಪೈಪಿನ ತುದಿಯಲ್ಲಿ ಒಬ್ಬ ಮನುಷ್ಯ 30 ಕಿಲೋ ಭಾರ ಹಾಕಿದರೂ 175ರಷ್ಟಾಗುತ್ತದೆ. ನಿಮ್ಮ ಹುಡುಗರು ಇಬ್ಬರು ಜಗ್ಗಿದ್ದಾರೆ. ಬಿಗಿ ಸಾಲದ್ದರಿಂದಲ್ಲ, ಬಿಗಿ ಹೆಚ್ಚಾದದ್ದರಿಂದ ಬೋಲ್ಟು ಸತ್ತಿದೆ.

ಇನ್ನರ್ಧ ಉತ್ತರ ಆ ಹಸಿರು ಬಣ್ಣದಲ್ಲಿದೆ. ಪ್ಲೇಟಿನ ದಪ್ಪ ಮತ್ತು ಮೋಟಾರಿನ ಕಾಲಿನ ದಪ್ಪ ಎಷ್ಟೆಂದು ಅಳೆದು ಹೇಳಿದರೆ ಲೆಕ್ಕ ಮಾಡಿ ತೋರಿಸುತ್ತೇನೆ. ಮೋಟಾರನ್ನು ಬೋಲ್ಟಿಲ್ಲದೆ ಪ್ಲೇಟಿನ ಮೇಲೆ ಕೂಡಿಸಿ ನಾಲ್ಕೂ ಮೂಲೆಗೆ ಫೀಲರ್ ಗೇಜ್ ಹಾಕಿಯೂ ನೋಡಿ. ಗೆರೆ ತುಂಡಾದ ಎರಡು ಬೋಲ್ಟುಗಳು ಒಂದೇ ಬದಿಗೆ ಇವೆ ಎಂದಿರಲ್ಲ, ಅದರ ಬಗ್ಗೆ ನನಗೆ ಅನುಮಾನವಿದೆ.

ಕಪನೂರ_ದಾಲ್‌ಮಿಲ್ (ಕಲಬುರಗಿ)

ಪ್ಲೇಟು 8 ಎಂಎಂ, ಮೋಟಾರಿನ ಕಾಲು 20 ಎಂಎಂ. ಗೇಜ್ ಹಾಕಿದಾಗ ಒಂದು ಮೋಟಾರು ಸಮನಾಗಿ ಕೂತಿದೆ. ಇನ್ನೊಂದರಲ್ಲಿ, ಗೆರೆ ತುಂಡಾದ ಬದಿಯಲ್ಲಿಯೇ, 0.4 ಎಂಎಂ ಎಲೆ ಒಳಗೆ ಹೋಗುತ್ತದೆ. ವೆಲ್ಡಿಂಗ್ ಮಾಡಿದಾಗ ಪ್ಲೇಟು ಸೊಟ್ಟಗಾಗಿರಬೇಕು.

ನಿವೃತ್ತ_ಫೋರ್‌ಮನ್ (ಸೇಡಂ)

ಈಗ ಚಿತ್ರ ಸ್ಪಷ್ಟವಾಯಿತು. ಲೆಕ್ಕವನ್ನು ಸುಲಭ ಮಾಡಿ ಹೇಳುತ್ತೇನೆ.

ವಾಷರುಗಳನ್ನು ಸೇರಿಸಿ ನಿಮ್ಮ ಬೋಲ್ಟಿನಲ್ಲಿ ಹಿಗ್ಗುವ ಭಾಗ ಸುಮಾರು 36 ಎಂಎಂ. 4.6 ದರ್ಜೆಯ ಬೋಲ್ಟನ್ನು ಅದು ತಡೆಯುವಷ್ಟೇ ಬಿಗಿಸಿದರೆ ಈ ಉದ್ದದಲ್ಲಿ ಅದು ಸುಮಾರು 0.03 ಎಂಎಂ ಹಿಗ್ಗುತ್ತದೆ. ನಿಮ್ಮ ಒಂದೂಕಾಲು ಟನ್ನೋ ಒಂದೂವರೆ ಟನ್ನೋ ಹಿಡಿತವೆಲ್ಲ ಆ 0.03 ಎಂಎಂ ಮೇಲೆ ನಿಂತಿದೆ. ಕೆಳಗೆ ಮೂರು ಕೋಟು ಬಣ್ಣ ಇದೆ. ಅದರಲ್ಲಿ 0.03 ಎಂಎಂ ಕುಸಿಯಲು ಎಷ್ಟು ಹೊತ್ತು ಬೇಕು? ಮೋಟಾರು ನಿಮಿಷಕ್ಕೆ 1,440 ಸುತ್ತಿನದಾದರೆ ಎಂಟು ಗಂಟೆಯ ಒಂದು ಪಾಳಿಯಲ್ಲಿಯೇ ಹತ್ತಿರ ಹತ್ತಿರ ಏಳು ಲಕ್ಷ ಸಲ ಅಲುಗಾಡುತ್ತದೆ. ಬಣ್ಣ ಪುಡಿಯಾಯಿತು, ಎಳೆತ ಹೋಯಿತು, ನಟ್ ಮಾತ್ರ ಇದ್ದಲ್ಲೇ ಇತ್ತು. ನಿಮ್ಮ ಆರು ಬೋಲ್ಟುಗಳ ಕಥೆ ಇದು. ಈ ಆರಕ್ಕೆ ಸ್ಪ್ರಿಂಗ್ ವಾಷರ್ ಹಾಕಿದರೂ ನೈಲಾಕ್ ಹಾಕಿದರೂ ಕೆಂಪು ಲಾಕ್‌ಟೈಟನ್ನೇ ಸುರಿದರೂ ಫಲ ಒಂದೇ, ಏಕೆಂದರೆ ಇವೆಲ್ಲ ನಟ್ ತಿರುಗದಂತೆ ತಡೆಯುವ ಉಪಾಯಗಳು, ನಿಮ್ಮ ನಟ್ ತಿರುಗಿಯೇ ಇಲ್ಲ.

ಉಳಿದ ಎರಡು ಬೋಲ್ಟುಗಳ ಬದಿಯಲ್ಲಿ ಕಾಲು ಪ್ಲೇಟಿಗೆ ತಾಗಿಯೇ ಇರಲಿಲ್ಲ. ಬೋಲ್ಟಿನ ಬಲವೆಲ್ಲ ಪ್ಲೇಟನ್ನು ಬಗ್ಗಿಸಲು ಖರ್ಚಾಗಿದೆ, ಅಲ್ಲಿ ಜಾರುವಿಕೆ ಹೆಚ್ಚಾಗಿ ನಟ್ ನಿಜವಾಗಿಯೂ ತಿರುಗಿದೆ. ಅಂಚಿನ ಕಪ್ಪು ಧೂಳು ಲೋಹಕ್ಕೆ ಲೋಹ ಉಜ್ಜಿದ ಗುರುತು.

ನಾನಾದರೆ ಹೀಗೆ ಮಾಡುತ್ತೇನೆ. ಬಣ್ಣವನ್ನು ಮೋಟಾರಿನ ಕಾಲು, ವಾಷರ್ ಮತ್ತು ನಟ್ ಕೂರುವ ಎಲ್ಲ ಜಾಗದಲ್ಲಿಯೂ ಬರಿಯ ಲೋಹ ಕಾಣುವವರೆಗೆ ಕೆರೆದು ತೆಗೆಯುತ್ತೇನೆ. ಸೊಟ್ಟ ಪ್ಲೇಟನ್ನು ಬಿಚ್ಚಿ ವರ್ಕ್‌ಶಾಪಿನಲ್ಲಿ ಮಟ್ಟ ಮಾಡಿಸುತ್ತೇನೆ. ಬೋಲ್ಟುಗಳನ್ನು 8.8 ದರ್ಜೆಯವಕ್ಕೆ ಬದಲಿಸಿ, ಉದ್ದವನ್ನು 90 ಎಂಎಂಗೆ ಹೆಚ್ಚಿಸಿ, ಹೆಚ್ಚಾದ ಉದ್ದಕ್ಕೆ ಲೇತಿನಲ್ಲಿ 32 ಎಂಎಂ ಉದ್ದದ ದಪ್ಪ ಗೋಡೆಯ ಬುಶ್ ಮಾಡಿಸಿ ಪ್ಲೇಟಿನ ಕೆಳಗೆ ಕೂಡಿಸುತ್ತೇನೆ. ಬುಶ್ಶಿನ ಎರಡೂ ಮುಖ ಸಮಾನಾಂತರವಾಗಿರಬೇಕು, ಗರಗಸದಿಂದ ಕೊಯ್ದ ಪೈಪಿನ ತುಂಡು ನಡೆಯುವುದಿಲ್ಲ. ಆಗ ಹಿಗ್ಗುವ ಭಾಗ 66 ಎಂಎಂ ಆಗುತ್ತದೆ, ಹಿಗ್ಗುವಿಕೆ ಸುಮಾರು 0.1 ಎಂಎಂ ತಲುಪುತ್ತದೆ. ಅಂದರೆ ಮೊದಲಿನ ಮೂರು ಪಟ್ಟು. ಮುಂದೆ 0.03 ಎಂಎಂ ಕುಸಿದರೂ ಮೂರನೆಯ ಒಂದು ಪಾಲಿನಷ್ಟು ಎಳೆತ ಹೋದೀತು, ಎಲ್ಲವೂ ಹೋಗುವುದಿಲ್ಲ.

ಸ್ಪ್ರಿಂಗ್ ವಾಷರ್ ಬೇಡ. ಎರಡೂ ಬದಿಗೆ ಗಟ್ಟಿಯಾದ, ದಪ್ಪನೆಯ ಸಾದಾ ವಾಷರ್ ಇರಲಿ.

ಡಿಪ್ಲೊಮಾ_ಹುಮನಾಬಾದ್

ಸರ್, ಬೋಲ್ಟು ಉದ್ದವಾದರೆ ದುರ್ಬಲವಾಗುವುದಿಲ್ಲವೇ? ನಮಗೆ ಕಾಲೇಜಿನಲ್ಲಿ ಗಿಡ್ಡ ಬೋಲ್ಟು ಹೆಚ್ಚು ಗಟ್ಟಿ ಎಂದು ಕಲಿಸಿದ ನೆನಪು.

ನಿವೃತ್ತ_ಫೋರ್‌ಮನ್ (ಸೇಡಂ)

ಗಿಡ್ಡ ಬೋಲ್ಟು ಹೆಚ್ಚು ಬಿರುಸು, ಹೆಚ್ಚು ಬಲಶಾಲಿಯಲ್ಲ. ಕಡಿಯಲು ಬೇಕಾದ ಬಲ ಎರಡಕ್ಕೂ ಒಂದೇ. ಕಂಪನದ ಜಾಗದಲ್ಲಿ ನಮಗೆ ಬೇಕಾದದ್ದು ಬಿರುಸಲ್ಲ, ಹಿಗ್ಗುವ ಗುಣ. ಬೋಲ್ಟಿನ ಹಿಡಿತದ ಉದ್ದ ಅದರ ದಪ್ಪದ ಐದು ಪಟ್ಟು ಇದ್ದರೆ ಒಳ್ಳೆಯದು ಎಂದು ನಾವು ಅಂದಾಜು ಇಟ್ಟುಕೊಳ್ಳುತ್ತಿದ್ದೆವು. ಇವರದು ಮೂರು ಪಟ್ಟು ಇತ್ತು, ಬುಶ್ ಹಾಕಿದರೆ ಐದೂವರೆ ಆಗುತ್ತದೆ.

ಹಾರ್ಡ್‌ವೇರ್_ಬೀದರ್

ಬಣ್ಣದ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಕೊನೆಗೆ ಮೂರರಲ್ಲಿ ಯಾವುದು ಎಂದು ಅವರು ಕೇಳಿದ್ದಕ್ಕೆ ಉತ್ತರ ಬಂದೇ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಸಾದಾ ನಟ್ ಹಾಕಬೇಕೋ ನೈಲಾಕೋ?

ನಿವೃತ್ತ_ಫೋರ್‌ಮನ್ (ಸೇಡಂ)

ನೈಲಾಕ್ ಹಾಕಬಹುದು, ಆದರೆ ಅದು ಏನು ಮಾಡುತ್ತದೆ ಎಂಬ ತಿಳಿವು ಇರಬೇಕು. ನೈಲಾನ್ ಉಂಗುರ ಥ್ರೆಡ್ಡನ್ನು ಹಿಡಿದುಕೊಂಡು ನಟ್ ಸುಲಭವಾಗಿ ಸುತ್ತದಂತೆ ತಡೆಯುತ್ತದೆ. ಅಡ್ಡ ಜಾರುವಿಕೆ ಜೋರಾಗಿದ್ದರೆ ನೈಲಾಕ್ ಕೂಡ ಸ್ವಲ್ಪ ತಿರುಗುತ್ತದೆ, ಎಳೆತವೂ ಹೋಗುತ್ತದೆ, ಆದರೆ ಬಹುಮಟ್ಟಿಗೆ ಪೂರ್ತಿ ಬಿಚ್ಚಿ ಕೆಳಗೆ ಬೀಳುವುದಿಲ್ಲ. ಕಾಳಿನಲ್ಲಿ ನಟ್ ಬಿದ್ದ ಅನುಭವ ಇರುವ ದಾಲ್ ಮಿಲ್ಲಿಗೆ ಇದೇ ದೊಡ್ಡ ಲಾಭ. ನೀವು ಹೇಳಿದ ಹಾಗೆ ಅದು ಸಡಿಲವೇ ಆಗುವುದಿಲ್ಲ ಎನ್ನಲಾಗದು.

ಬಿಗಿಸುವಾಗ ಎರಡು ಎಚ್ಚರಿಕೆ ಬೇಕು. ನೈಲಾನಿನ ಆಚೆ ಬೋಲ್ಟಿನ ಎರಡು ಥ್ರೆಡ್ಡಾದರೂ ಹೊರಗೆ ಕಾಣಬೇಕು, ಇಲ್ಲದಿದ್ದರೆ ಉಂಗುರ ಹಿಡಿದೇ ಇಲ್ಲ. ಮತ್ತೆ, ನೈಲಾನಿನ ಬಿಗಿಯೇ ಟಾರ್ಕ್ ರೆಂಚಿನ ಒಂದಷ್ಟು ಬಲವನ್ನು ತಿಂದುಹಾಕುತ್ತದೆ. ನಟ್ ವಾಷರಿಗೆ ತಾಗುವ ಮೊದಲು ಬರಿದೇ ತಿರುಗಿಸಲು ಎಷ್ಟು ಬೇಕಾಗುತ್ತದೆ ಎಂದು ರೆಂಚಿನಲ್ಲಿ ನೋಡಿಕೊಂಡು ಅದನ್ನು ಕೂಡಿಸಬೇಕು. 8.8 ದರ್ಜೆಯ 12 ಎಂಎಂ ಬೋಲ್ಟಿಗೆ ಒಣ ಥ್ರೆಡ್ಡಿನಲ್ಲಿ 80 ನ್ಯೂಟನ್ ಮೀಟರ್ ಇಟ್ಟುಕೊಂಡರೆ, ಬರಿದೇ ತಿರುಗಲು 10 ಬೇಕಾದರೆ, ರೆಂಚನ್ನು 90ಕ್ಕೆ ಇಡಬೇಕು. ನಟ್ ಕೂಡ ಬೋಲ್ಟಿಗೆ ಸರಿಹೊಂದುವ 8ರ ದರ್ಜೆಯದ್ದಾಗಿರಲಿ.

ಶಹಾಬಾದ್_ಗ್ಯಾರೇಜ್

ನಟ್ ತಿರುಗದಂತೆ ಹಿಡಿಯುವುದರಲ್ಲಿ ಲಾಕ್‌ಟೈಟ್ ನೈಲಾಕಿಗಿಂತ ಮೇಲು ಎಂಬುದು ನನ್ನ ಅನುಭವ. ನೈಲಾನು ಎರಡು ಮೂರು ಥ್ರೆಡ್ಡನ್ನು ಹಿಡಿಯುತ್ತದೆ, ದ್ರವ ಎಲ್ಲ ಥ್ರೆಡ್ಡಿನ ಸಂದಿಯನ್ನೂ ತುಂಬಿಬಿಡುತ್ತದೆ, ಆದ್ದರಿಂದ ಅಲುಗಾಡಲು ಜಾಗವೇ ಉಳಿಯುವುದಿಲ್ಲ. ಫೋರ್‌ಮನ್ ಕಾಕಾ ಅವರು ಇದನ್ನು ಬೇಡವೆನ್ನುತ್ತಾರೆಯೇ?

ನಿವೃತ್ತ_ಫೋರ್‌ಮನ್ (ಸೇಡಂ)

ಬೇಡವೆನ್ನುವುದಿಲ್ಲ, ನೀವು ಹೇಳಿದ್ದು ಸರಿ. ಒಂದೇ ತೊಡಕು. ಎಷ್ಟೇ ಕೆರೆದರೂ ಹೊಸ ಜೋಡಣೆ ಮೊದಲ ಕೆಲವು ಗಂಟೆಗಳಲ್ಲಿ ಕೊಂಚ ಕೂರುತ್ತದೆ, ಆದ್ದರಿಂದ ವೈಬ್ರೇಟರ್ ಮೋಟಾರಿನ ಬೋಲ್ಟುಗಳನ್ನು ಸ್ವಲ್ಪ ಹೊತ್ತು ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಲೇಬೇಕು. ಅಷ್ಟರಲ್ಲಿ ಲಾಕ್‌ಟೈಟ್ ಗಟ್ಟಿಯಾಗಿದ್ದರೆ, ಮತ್ತೆ ಬಿಗಿಸಿದಾಗ ಆ ಹಿಡಿತ ಮುರಿದುಹೋಗುತ್ತದೆ. ಒಮ್ಮೆ ಮುರಿದ ಮೇಲೆ ಅದು ತನ್ನಷ್ಟಕ್ಕೆ ಮತ್ತೆ ಕೂಡಿಕೊಳ್ಳುವುದಿಲ್ಲ, ಹೊರಗಿನಿಂದ ನೋಡಿದರೆ ತಿಳಿಯುವುದೂ ಇಲ್ಲ. ಬಿಗಿಸದೆ ಬಿಟ್ಟರೆ ಎಳೆತ ಕಡಿಮೆಯೇ ಉಳಿಯುತ್ತದೆ.

ಇದಕ್ಕೆ ನಾವು ಕಂಡುಕೊಂಡಿದ್ದ ದಾರಿ ಹೀಗಿತ್ತು. ಮೊದಲು ದ್ರವವಿಲ್ಲದೆ ಸಾದಾ ನಟ್ ಹಾಕಿ ಬಿಗಿಸಿ, ಅರ್ಧ ಗಂಟೆ ಓಡಿಸಿ ಮತ್ತೆ ಬಿಗಿಸಿ, ಒಂದು ಪಾಳಿ ಪೂರ್ತಿ ಓಡಿಸುತ್ತಿದ್ದೆವು. ಯಂತ್ರ ನಿಲ್ಲಿಸಿದ ಮೇಲೆ ಒಂದು ಸಲಕ್ಕೆ ಒಂದೇ ನಟ್ ಬಿಚ್ಚಿ, ಥ್ರೆಡ್ಡಿನ ಎಣ್ಣೆಯನ್ನು ಥಿನ್ನರಿನಿಂದ ಒರೆಸಿ, ನಟ್ ಕೊನೆಗೆ ಕೂರುವ ಜಾಗಕ್ಕೆ ನೀಲಿ ಹಚ್ಚಿ ಪೂರ್ತಿ ಬಿಗಿಸಿ, ಆಮೇಲೆ ಪಕ್ಕದ ನಟ್ಟಿಗೆ ಹೋಗುತ್ತಿದ್ದೆವು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕೂತ ಜೋಡಣೆ ಮತ್ತೆ ಕದಲಿಬಿಡುತ್ತದೆ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಬೇಕು. ಸೀಸನ್ನಿನಲ್ಲಿ ಆ ಒಂದು ದಿನ ಬಿಡುವುದು ನಿಮ್ಮಿಂದಾಗುತ್ತದೆಯೇ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ಶಹಾಬಾದ್_ಗ್ಯಾರೇಜ್

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ದ್ರವ ಗಾಳಿ ಸಿಗದಾಗ, ಲೋಹದ ಸ್ಪರ್ಶದಿಂದ ಗಟ್ಟಿಯಾಗುವಂಥದ್ದು. ಅದಕ್ಕೇ ಬಾಟಲಿಯನ್ನು ಪೂರ್ತಿ ತುಂಬಿರುವುದಿಲ್ಲ. ಬಿಳಿ ಜಿಂಕ್ ಲೇಪನದ ಬೋಲ್ಟಿನಲ್ಲಿ ಅದು ಕಪ್ಪು ಬೋಲ್ಟಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ. ಅವಸರದಲ್ಲಿ ನಾನೊಮ್ಮೆ ಅರ್ಧ ಗಂಟೆಗೆ ಗಾಡಿ ಬಿಟ್ಟುಕೊಟ್ಟೆ. ಮರುದಿನ ಬೋಲ್ಟು ಬಿಚ್ಚಿ ನೋಡಿದಾಗ ದ್ರವ ಇನ್ನೂ ಅಂಟಂಟಾಗಿಯೇ ಇತ್ತು, ಥ್ರೆಡ್ಡಿನಲ್ಲಿ ಗ್ರೀಸ್ ಉಳಿದಿತ್ತು. ಸರಿಯಾಗಿ ಗಟ್ಟಿಯಾಗಿದ್ದರೆ ಬಿಚ್ಚಿದಾಗ ಒಣ ಪುಡಿ ಉದುರುತ್ತದೆ.

ಅಂದಹಾಗೆ, ನಮ್ಮ ಭಾಗದ ಬೇಸಿಗೆ 44 ಡಿಗ್ರಿ ಇದ್ದರೂ ನೀಲಿಗೆ ಏನೂ ಆಗುವುದಿಲ್ಲ, ಅದು 150 ಡಿಗ್ರಿಯವರೆಗೆ ತಡೆಯುತ್ತದೆ. ನೈಲಾನಿನ ಮಿತಿ ಸುಮಾರು 120. ಮೋಟಾರಿನ ಕಾಲು ಅಷ್ಟು ಬಿಸಿಯಾದರೆ ಬೋಲ್ಟಿನ ಚಿಂತೆ ಬಿಟ್ಟು ಮೋಟಾರಿನ ಚಿಂತೆ ಮಾಡಬೇಕಾಗುತ್ತದೆ.

ರಾಶಿಯಂತ್ರ_ಶಹಾಪುರ

ನಾವು ನಮ್ಮ ಯಂತ್ರದಲ್ಲಿ ಡಬಲ್ ನಟ್ ಹಾಕುತ್ತೇವೆ, ಮೊದಲು ದಪ್ಪ ನಟ್, ಅದರ ಮೇಲೆ ತೆಳುವಾದ ಚೆಕ್ ನಟ್. ಅದೂ ಬಿಚ್ಚುತ್ತದೆ. ಅದರ ಬಗ್ಗೆ ಯಾರೂ ಹೇಳಲಿಲ್ಲ.

ನಿವೃತ್ತ_ಫೋರ್‌ಮನ್ (ಸೇಡಂ)

ಕ್ರಮ ತಿರುಗಿದೆ. ತೆಳುವಾದದ್ದು ಒಳಗೆ, ದಪ್ಪದ್ದು ಹೊರಗೆ ಇರಬೇಕು. ಒಳಗಿನ ತೆಳು ನಟ್ಟನ್ನು ಸ್ವಲ್ಪವೇ ಬಿಗಿಸಿ, ಅದನ್ನು ಒಂದು ಪಾನಾದಿಂದ ತಿರುಗದಂತೆ ಹಿಡಿದು, ಹೊರಗಿನ ದಪ್ಪ ನಟ್ಟನ್ನು ಪೂರ್ತಿ ಬಿಗಿಸಬೇಕು. ಆಗ ಕೊನೆಯ ಭಾರವನ್ನು ದಪ್ಪ ನಟ್ ಹೊರುತ್ತದೆ, ಎರಡೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ನೋಡಲು ವಿಚಿತ್ರವೆನಿಸುವುದರಿಂದ ಎಲ್ಲರೂ ತಿರುವುಮುರುವು ಹಾಕುತ್ತಾರೆ.

ಕಪನೂರ_ದಾಲ್‌ಮಿಲ್ (ಕಲಬುರಗಿ)

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಬಣ್ಣ ಕೆರೆಸಿದೆ, ಎಂಟು ಬುಶ್ ಮಾಡಿಸಿದೆ, 8.8 ದರ್ಜೆಯ 90 ಎಂಎಂ ಬೋಲ್ಟುಗಳನ್ನು ತಂದೆ. ಟಾರ್ಕ್ ರೆಂಚನ್ನು ಟ್ರ್ಯಾಕ್ಟರ್ ರಿಪೇರಿಯವರ ಬಳಿ ಎರಡು ದಿನಕ್ಕೆ ಕೇಳಿ ಪಡೆದೆ. ಹುಡುಗರಿಗೆ ಅದರ ಕಟ್ ಎನ್ನುವ ಸದ್ದು ಬಂದ ಮೇಲೆ ನಿಲ್ಲಿಸಿ ಎಂದು ಹೇಳಿ ಹೇಳಿ ಸಾಕಾಯಿತು, ಇಷ್ಟು ಕಡಿಮೆ ಬಿಗಿ ಸಾಲುವುದಿಲ್ಲ ಎಂದು ಅವರ ವಾದ. ಪೈಪನ್ನು ನಾನು ಆಫೀಸಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ.

ಎರಡನ್ನೂ ಪರೀಕ್ಷಿಸುವ ಆಸೆಯಿಂದ ಸಮವಾಗಿದ್ದ ಪ್ಲೇಟಿನ ಮೋಟಾರಿಗೆ ನೈಲಾಕ್ ಹಾಕಿದೆ. ಇನ್ನೊಂದಕ್ಕೆ ಕಾಕಾ ಅವರು ಹೇಳಿದ ಕ್ರಮದಲ್ಲಿ, ಭಾನುವಾರ ಮಿಲ್ ಬಂದ್ ಇದ್ದಾಗ, ನೀಲಿ ಹಚ್ಚಿದೆ. ಅರ್ಧ ಗಂಟೆಗೆ ಒಮ್ಮೆ, ಪಾಳಿ ಮುಗಿದಾಗ ಒಮ್ಮೆ ಬಿಗಿಸಿದಾಗ ನೈಲಾಕ್ ನಟ್ಟುಗಳು ಸ್ವಲ್ಪ ಸ್ವಲ್ಪ ಮುಂದೆ ಹೋದವು, ಮೂರನೆಯ ದಿನ ಹೋಗಲಿಲ್ಲ. ಈಗ ಏಳು ಬೋಲ್ಟುಗಳ ಗೆರೆ ನೇರವಾಗಿದೆ, ರೆಂಚಿಗೂ ಗಟ್ಟಿಯಾಗಿ ನಿಂತಿವೆ. ನೀಲಿ ಹಚ್ಚಿದ ಮೋಟಾರಿನ ಒಂದು ಮೂಲೆಯದು ಮಾತ್ರ ಗೆರೆ ಕೂದಲಷ್ಟು ಸರಿದಿದೆ. ಆ ಪ್ಲೇಟನ್ನು ಬಿಚ್ಚಿ ಮಟ್ಟ ಮಾಡಿಸಲು ಸಮಯವಾಗದೆ, ಸಂದಿಗೆ ತಗಡಿನ ತುಂಡು ಹಾಕಿ ಕೂಡಿಸಿದ್ದೆ.

ಹಾರ್ಡ್‌ವೇರ್_ಬೀದರ್

ನೋಡಿದಿರಾ, ನೈಲಾಕ್ ಹಾಕಿದ ಮೋಟಾರಿನಲ್ಲಿ ನಾಲ್ಕಕ್ಕೆ ನಾಲ್ಕೂ ಗಟ್ಟಿ ಇವೆ, ಲಾಕ್‌ಟೈಟಿನಲ್ಲಿ ಒಂದು ಸರಿದಿದೆ. ನಾನು ಹೇಳಿದ್ದೇ ನಿಜವಾಯಿತು.

ಡಿಪ್ಲೊಮಾ_ಹುಮನಾಬಾದ್

ಅಣ್ಣಾ, ನೈಲಾಕ್ ಹಾಕಿದ್ದು ಸಮ ಪ್ಲೇಟಿನ ಮೋಟಾರಿಗೆ, ಲಾಕ್‌ಟೈಟ್ ಹಾಕಿದ್ದು ಸೊಟ್ಟ ಪ್ಲೇಟಿನದಕ್ಕೆ. ಇದರಿಂದ ಯಾವುದು ಮೇಲು ಎಂದು ಹೇಳಲು ಬರುವುದಿಲ್ಲ. ಅದಲುಬದಲು ಮಾಡಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ನಿವೃತ್ತ_ಫೋರ್‌ಮನ್ (ಸೇಡಂ)

ಹುಡುಗ ಸರಿಯಾಗಿ ಹೇಳಿದ. ತಗಡಿನ ತುಂಡು ಕಾಲಿನ ಅಗಲಕ್ಕೆಲ್ಲ ಒತ್ತು ಕೊಡದೆ ಬೋಲ್ಟಿನ ಹತ್ತಿರ ಮಾತ್ರ ಕೂತಿದ್ದರೆ ಅದು ಇನ್ನೊಂದು ಬಣ್ಣದ ಕೋಟಿದ್ದಂತೆಯೇ. ಆ ಒಂದು ನಟ್ಟಿನ ಲಾಕ್‌ಟೈಟ್ ಹಿಡಿತ ಮುರಿದಿದೆ ಎಂದೇ ತಿಳಿಯಿರಿ, ಹಾಗೆಯೇ ಮೇಲಿಂದ ಬಿಗಿಸಬೇಡಿ. ಬಿಚ್ಚಿ, ಹಳೆಯ ಪುಡಿಯನ್ನು ಬ್ರಷ್ಷಿನಿಂದ ತೆಗೆದು ಹೊಸದಾಗಿ ಹಚ್ಚಿ. ಪ್ಲೇಟನ್ನು ಸೀಸನ್ ಮುಗಿದ ಮೇಲೆ ಮಟ್ಟ ಮಾಡಿಸಿ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಯಂತ್ರ ಶುರು ಮಾಡುವ ಮೊದಲು ಆ ಮೂಲೆಯ ಗೆರೆಯನ್ನೊಮ್ಮೆ ನೋಡಿ.

ಕಪನೂರ_ದಾಲ್‌ಮಿಲ್ (ಕಲಬುರಗಿ)

ಆಗಲಿ ಕಾಕಾ. ಇನ್ನೊಂದು ಸಂದೇಹ ಉಳಿದಿದೆ. ಜರಡಿಯ ಚೌಕಟ್ಟು ಕಟ್ಟಿಗೆಯದು, ಅದಕ್ಕೆ ಜಾಳಿಗೆಯನ್ನು ಹಿಡಿಯುವ 8 ಎಂಎಂ ಬೋಲ್ಟುಗಳೂ ಬೇಸಿಗೆ ಬಂದರೆ ಸಡಿಲವಾಗುತ್ತವೆ. ಅಲ್ಲಿಯೂ ಗೆರೆ ಎಳೆದು ನೋಡಿದೆ, ಒಂದೂ ತಿರುಗಿಲ್ಲ. ಕಟ್ಟಿಗೆ ಒಣಗಿ ಕುಗ್ಗುವುದೇ ಕಾರಣವಾಗಿದ್ದರೆ, ಅಲ್ಲಿ ಮಾತ್ರ ಬೀದರಿನ ಅಣ್ಣನವರ ಸ್ಪ್ರಿಂಗ್ ವಾಷರ್ ಸ್ವಲ್ಪವಾದರೂ ಉಪಯೋಗಕ್ಕೆ ಬರುತ್ತದೆಯೇ?

ನಿವೃತ್ತ_ಫೋರ್‌ಮನ್ (ಸೇಡಂ)

ಕಟ್ಟಿಗೆ ಕುಗ್ಗುವುದು ಎಂಎಂ ಲೆಕ್ಕದಲ್ಲಿ, ಸ್ಪ್ರಿಂಗ್ ವಾಷರ್ ಏಳುವುದು ಒಂದೆರಡು ಎಂಎಂ, ಅದೂ ಬಹಳ ಕಡಿಮೆ ಬಲದಿಂದ. ಜಾಳಿಗೆ ಗಲಗಲ ಎನ್ನದಷ್ಟು ಹಿಡಿದೀತು, ಬಿಗಿ ಎನ್ನುವಷ್ಟಲ್ಲ. ನಾನಾದರೆ ಕಟ್ಟಿಗೆಯ ಮೇಲೆ ಅಗಲವಾದ ಪಟ್ಟಿ ಹಾಕಿ, ನೈಲಾಕ್ ಇಟ್ಟು, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಬಿಗಿಸುತ್ತೇನೆ. ಕಟ್ಟಿಗೆ ಚೌಕಟ್ಟಿನ ಕೆಲಸ ನಾನು ಹೆಚ್ಚು ಮಾಡಿದವನಲ್ಲ. ಹಳೆಯ ದಾಲ್ ಮಿಲ್ಲುಗಳ ಬಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಅವರ ಮಾತನ್ನೇ ಹಿಡಿಯಿರಿ.